ಹೆಸರು ಹೇಳದ ಪದ್ಯ, ಹನ್ನೊಂದು ಸಲ ಕರೆಯುವ ಹಾಡು

"ಚಪ್ಪಲಿ ಆರ್ತದೆ, ತಗೊಳ್ಳಿ" ಅಂದಳು.

ಕೈಯಲ್ಲಿ ಇದ್ದದ್ದು ಚಹಾದ ಲೋಟ. ನಾನು ಅವಳ ಮುಖ ನೋಡಲಿಲ್ಲ. ಹಿಂದಿನ ಸಂಜೆಯ ಸಿಟ್ಟು ಇನ್ನೂ ಇತ್ತು. ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಲೋಟ ನೆಲಕ್ಕೆ ಬಿತ್ತು. ಆಗ ತಲೆ ಎತ್ತಿದೆ. ಬಾಯಿಯ ಬಲಗಡೆ ಕೆಳಗೆ ಇಳಿದಿತ್ತು. ಬಲಗೈ ಯಾರದೋ ಕೈಯಂತೆ ಜೋತಾಡುತ್ತಿತ್ತು.

"ಸುಮಿತ್ರಾ, ಏನಾತು?"

ಅವಳು ಏನೋ ಹೇಳಲು ಹೋದಳು. ಬಂದದ್ದು "ಇಲ್ಲ." ಮತ್ತೆ "ಇಲ್ಲ, ಇಲ್ಲ." ಅಷ್ಟೇ.

ನಾನು ಬಸ್ ಡ್ರೈವರ್. ಊರು ಕಿರವತ್ತಿ, ಮನೆ ಯಲ್ಲಾಪುರದಲ್ಲಿ. ಯಲ್ಲಾಪುರ-ಶಿರಸಿ ದಾರಿಯಲ್ಲಿ ದಿನಾ ಓಡಾಡುವವನು. ಸುಮಿತ್ರಾ ಸಿದ್ದಾಪುರದ ಕಡೆಯವಳು, ತ್ಯಾಗಲಿಯ ರೈತರ ಮನೆಯ ಮಗಳು, ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಮಾತು ಅಂದರೆ ಅವಳದೇ. ನಾನು ಕೇಳುವವನು. ಅದಕ್ಕೇ ಅವಳ ಮಾತು ಹೋದದ್ದು ನನಗೆ ಮನೆಯ ಒಂದು ಗೋಡೆಯೇ ಬಿದ್ದ ಹಾಗೆ ಆಯಿತು.

ತಾಲೂಕಾ ಆಸ್ಪತ್ರೆಯಲ್ಲಿ ನೋಡಿದವರು ಕೂಡಲೇ ಹುಬ್ಬಳ್ಳಿಗೆ ಕಳಿಸಿದರು. ಆಂಬುಲೆನ್ಸ್ ಕಿರವತ್ತಿ ದಾಟುವಾಗ ನನ್ನ ಅಣ್ಣನ ಅಂಗಡಿ ಕಂಡಿತು. ಕಂಡದ್ದಷ್ಟೇ ನೆನಪು. ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ರಕ್ತಸ್ರಾವ ಇಲ್ಲ, ಎಡ ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕ್ಲಾಟ್ ಆಗಿದೆ ಅಂದರು. ಕ್ಲಾಟ್ ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸ್ಟ್ರೋಕ್ ಶುರುವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು.

"ಕೊನೇಗೆ ಸರಿಯಾಗಿ ಮಾತಾಡಿದ್ದು ಯಾವಾಗ?" ಡಾಕ್ಟರು ಕೇಳಿದರು.

"ಬೆಳಿಗ್ಗೆ ಐದಕ್ಕ ಎದ್ದಾಳ್ರಿ. ಅಡುಗೆಮನ್ಯಾಗ ಸಪ್ಪಳ ಕೇಳ್ಸಿತ್ತು."

"ಸಪ್ಪಳ ಅಲ್ಲ. ಮಾತು. ನಿಮ್ಮ ಜೊತೆ ಮಾತಾಡಿದ್ದು?"

ನಿನ್ನೆ ಸಂಜೆ. ಅದಾದ ಮೇಲೆ ನಾವು ಮಾತು ಬಿಟ್ಟಿದ್ದೆವು.

ಇಂಜೆಕ್ಷನ್ ಕೊಡಲಿಲ್ಲ. ಹೊತ್ತು ಖಚಿತವಿಲ್ಲದೆ ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು ಅಂದರು. ಅವರು ಹೇಳಿದ್ದು ಸರಿ. ಐದು ಗಂಟೆಗೆ "ಎದ್ದೆಯೇನು?" ಅಂತ ನಾನು ಒಂದು ಮಾತು ಕೇಳಿದ್ದರೆ, ಅವಳು ಒಂದು ಮಾತು ಉತ್ತರ ಕೊಟ್ಟಿದ್ದರೆ, ಆ ಹೊತ್ತು ಲೆಕ್ಕಕ್ಕೆ ಬರುತ್ತಿತ್ತು.

ಜಗಳ ಯಾತಕ್ಕೆ ಅಂತ ಹೇಳಲು ಈಗಲೂ ನಾಚಿಕೆ. ಒಂದು ಸಿನಿಮಾ ಹಾಡಿಗೆ.

ಶಿರಸಿಯಲ್ಲಿ ಕನ್ನಡ ಶಿಕ್ಷಕರ ಸಭೆ ಇತ್ತು. ಅಲ್ಲಿ ಅವಳು ಮಾತಾಡಬೇಕಿತ್ತು. ಹಳೆಯ ಕಾವ್ಯದ ಒಂದು ಕಂದಪದ್ಯ, ಈಗಿನ ಒಂದು ಚಿತ್ರಗೀತೆ. ಎರಡರಲ್ಲೂ ವಿರಹ. ಅದು ಹೇಗೆ ಬೇರೆ ಬೇರೆ ಅಂತ ತೋರಿಸುವುದು. ಹಾಡಿಗೆ ಅವಳು ಆರಿಸಿದ್ದು ನಾನು ಬಸ್ಸು ತೊಳೆಯುವಾಗ, ಸ್ನಾನ ಮಾಡುವಾಗ, ಸುಮ್ಮನೆ ಕೂತಾಗ ಗುನುಗುವ ಹಾಡನ್ನು:

ತಿರುಗಿ ನೋಡು ಒಮ್ಮೆ, ತಿರುಗಿ ನೋಡು
ನಿಂತಲ್ಲೇ ನಿಂತಿಹೆನು, ತಿರುಗಿ ನೋಡು

ಆಮೇಲೆ ಚರಣದಲ್ಲಿ "ಬಿಟ್ಟುಹೋದ ಬಸ್ಸಿನ ಧೂಳಲ್ಲಿ ನಾನು" ಅಂತ ಬರುತ್ತದೆ. ಬಸ್ಸಿನವನಾದ ನನಗೆ ಆ ಸಾಲು ಹಿಡಿಸಿತ್ತು.

ಸಂಜೆ ಅವಳು ನೋಟ್‌ಬುಕ್ ಹಿಡಿದು ಓದಿ ಹೇಳಿದಳು. "ಈ ಹಾಡಲ್ಲಿ 'ತಿರುಗಿ ನೋಡು' ಹನ್ನೊಂದು ಸಲ ಬರ್ತದೆ. ಪದ್ಯದ ಹುಡುಗಿ ಒಂದು ಸಲವೂ ಎಂತದೂ ಕೇಳೂದಿಲ್ಲ. ಅವನ ಹೆಸರೂ ಹೇಳೂದಿಲ್ಲ."

"ಅಂದ್ರ ನನ್ನ ಹಾಡು ಅಗ್ಗದ್ದು, ನಿನ್ನ ಪದ್ಯ ದೊಡ್ಡದು. ಮಂದಿ ಮುಂದ ಅದನ್ನ ಹೇಳಾಕ ಹೊಂಟಿ, ಹೌದಿಲ್ಲೊ?"

"ಪೂರ್ತಿ ಕೇಳಿ ಮೊದಲು."

ಕೇಳಲಿಲ್ಲ. ಎದ್ದು ಪೇಟೆಗೆ ಹೋದೆ. ಬಂದ ಮೇಲೂ ಮಾತಾಡಲಿಲ್ಲ. ಅವಳಿಗೂ ಹಟ, ನನಗೂ ಹಟ.

ಹುಬ್ಬಳ್ಳಿಯಲ್ಲಿ ಹದಿನಾರು ದಿನ ಇದ್ದೆವು. ಎಂಆರ್‌ಐ ನೋಡಿದ ಡಾಕ್ಟರು ಅಫೇಸಿಯಾ ಅಂದರು. ಮಾತು ಕಟ್ಟುವ ಜಾಗಕ್ಕೆ ಪೆಟ್ಟು ಬಿದ್ದಿದೆ. ನಾವು ಹೇಳಿದ್ದು ಅವಳಿಗೆ ಬಹಳಷ್ಟು ತಿಳಿಯುತ್ತದೆ, ಹೇಳಬೇಕಾದ್ದು ಮನಸ್ಸಿನಲ್ಲಿ ಇರುತ್ತದೆ, ಶಬ್ದ ಮಾತ್ರ ಸಿಗುವುದಿಲ್ಲ. ಬಲಗೈ, ಬಲಗಾಲಿಗೆ ಫಿಸಿಯೋಥೆರಪಿ. ಮಾತಿಗೆ ಸ್ಪೀಚ್ ಥೆರಪಿ. ಎಷ್ಟು ವಾಪಸ್ ಬರುತ್ತದೆ ಅಂತ ಯಾರೂ ಹೇಳಲಿಲ್ಲ. "ನೋಡೋಣ" ಅನ್ನುವ ಮಾತನ್ನು ಆ ದಿನಗಳಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದೆನೋ.

ಹನ್ನೆರಡನೆಯ ದಿನ ಮಧ್ಯಾಹ್ನ. ಪಕ್ಕದ ಹಾಸಿಗೆಯ ಹೆಂಗಸಿನ ಮೊಬೈಲ್ ರಿಂಗಾಯಿತು. ಅದೇ ಹಾಡು. ನಾನು ಕಿಟಕಿಯ ಕಡೆ ಮುಖ ಮಾಡಿ ಬಾಟಲಿಗೆ ನೀರು ತುಂಬುತ್ತಿದ್ದೆ.

"ತಿರುಗಿ ನೋಡು ಒಮ್ಮೆ, ತಿರುಗಿ ನೋಡು."

ಸುಮಿತ್ರಾ ಹಾಡುತ್ತಿದ್ದಳು.

ಒಂದು ಅಕ್ಷರ ತಪ್ಪಿರಲಿಲ್ಲ. "ನೀರು" ಅನ್ನಲು ಆಗದವಳು ಎರಡು ಸಾಲು ಪೂರಾ ಹಾಡಿದಳು. ನಾನು ತಿರುಗಿ ನೋಡಿದೆ. ಬಾಟಲಿ ಅಲ್ಲೇ ಬಿಟ್ಟು ಅವಳ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. ನನ್ನನ್ನು ಕರೆಯುತ್ತಿದ್ದಾಳೆ, ಜಗಳ ಮರೆತಿದ್ದಾಳೆ, ನನ್ನ ಹಾಡಿನಲ್ಲೇ ಕರೆಯುತ್ತಿದ್ದಾಳೆ ಅಂತ ನಂಬಿದೆ. ನೋಡಲು ಬಂದವರಿಗೆಲ್ಲ ಹೇಳಿದೆ. ಆ ನಾಲ್ಕು ದಿನ ನಾನು ಸ್ವಲ್ಪ ಊಟ ಮಾಡಿದೆ.

ಶಿರಸಿಯ ಸ್ಪೀಚ್ ಥೆರಪಿಸ್ಟ್ ಮೇಡಂ ಹತ್ತಿರ ಮೊದಲ ಸಲ ಹೋದಾಗ ಅವರಿಗೂ ಇದನ್ನು ಹೇಳಿದೆ. ಅವರು ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುವವರು.

"ಸರ್, ನಿಮಗೆ ಬೇಜಾರಾಗಬಹುದು. ಆದ್ರೂ ಹೇಳ್ತೇನೆ. ರಾಗ ಹಿಡಿಯೂದಕ್ಕೆ ಬಲ ಮೆದುಳೂ ಸಹಾಯ ಮಾಡ್ತದೆ. ಅದಕ್ಕೆ ಪೆಟ್ಟಾಗಿಲ್ಲ. ಸಾವಿರ ಸಲ ಕೇಳಿದ ಹಾಡು ಶುರುವಾದ್ರೆ ತನ್ನಷ್ಟಕ್ಕೇ ಹೋಗ್ತದೆ. ಒಂದು, ಎರಡು, ಮೂರು ಅಂತ ಎಣಿಸಿದ ಹಾಗೆ. ಅದ್ರಲ್ಲಿ ಅವರು ನಿಮಗೆ ಎಂತದಾದ್ರೂ ಹೇಳಿದ್ರು ಅಂತ ಈಗ್ಲೇ ತಿಳ್ಕೊಳ್ಬೇಡಿ."



ಹಾಗಾದರೆ ಅವಳು ಕರೆದಿರಲಿಲ್ಲ. ಮೊಬೈಲು ಹಾಡಿದ ಹಾಗೆ ಹಾಡಿದ್ದಳು.

ಆದರೂ ಮೇಡಂ ಅದೇ ದಾರಿ ಹಿಡಿದರು. ಸುಮಿತ್ರಾಳ ಎಡಗೈ ಹಿಡಿದು ಮೇಜಿನ ಮೇಲೆ ತಟ್ಟುತ್ತಾ, ಎರಡೇ ಸ್ವರದಲ್ಲಿ ಎಳೆದು, "ನೀ-ರು ಕೊ-ಡು" ಅಂತ ಹಾಡಿಸಿದರು. ಜೊತೆಗೆ ಹಾಡುವುದು, ಆಮೇಲೆ ಮೇಡಂ ದನಿ ಇಳಿಸುವುದು, ಆಮೇಲೆ ಅವಳೊಬ್ಬಳೇ. ಆರು ವಾರಕ್ಕೆ "ನೀರು ಕೊಡು", "ಸಾಕು", "ಬಾಗಿಲು" ಬಂದವು. ಎಲ್ಲವೂ ರಾಗದಲ್ಲೇ.

ಅವಳ ನೋಟ್‌ಬುಕ್ ತೆಗೆದದ್ದು ಮಾರ್ಚ್ ತಿಂಗಳಲ್ಲಿ. ತ್ಯಾಗಲಿಯಿಂದ ಅವಳ ಅಣ್ಣ ಗಣಪತಿ ಬಂದಿದ್ದರು. "ಭಾವ, ತಂಗಿಗೆ ಓದಿದ್ರೆ ಖುಷಿ. ಎಂತಾದ್ರೂ ಓದಿ ಹೇಳಿ" ಅಂದು ಹೋದರು. ನನಗೆ ಪೇಪರ್ ಬಿಟ್ಟು ಓದುವ ಅಭ್ಯಾಸವಿಲ್ಲ. ಅವಳ ಅಕ್ಷರವಾದರೆ ಪರಿಚಯ. ಅಂಗಡಿ ಸಾಮಾನಿನ ಚೀಟಿ ಇಷ್ಟು ವರ್ಷ ಓದಿದ್ದೇನಲ್ಲ.

ಮೊದಲ ಪುಟದಲ್ಲೇ ಪದ್ಯ ಇತ್ತು.

ನುಡಿಯಳ್ ಪೆಸರಂ ಬಾಯೊಳ್
ಕಡಗಂ ಮೊಳಕೈಗೆ ಜಾರಿ ನಿಂದುದು ನೋಡಾ
ಬಿಡದಾಂ ಬೆಸಗೊಳೆ ಮೆಲ್ಲನೆ
ಕಡುವೇಸಗೆಯಿಂದೆ ಮೆಯ್ ಸೊರಗಿದುದಿದೆಂಬಳ್

ಕೆಳಗೆ ಅವಳೇ ಅರ್ಥ ಬರೆದಿದ್ದಳು. ದೂರ ಹೋದ ಗಂಡಿಗೆ ಆ ಹುಡುಗಿಯ ಕೆಳದಿ, ಅಂದರೆ ಗೆಳತಿ, ಹೇಳುವ ಮಾತು ಇದು. "ಅವಳು ಬಾಯಲ್ಲಿ ನಿನ್ನ ಹೆಸರು ಎತ್ತುವುದಿಲ್ಲ. ಕೈಯ ಕಡಗ ಮೊಣಕೈಗೆ ಜಾರಿ ನಿಂತಿದೆ, ನೋಡು. ನಾನು ಬಿಡದೆ ಕೇಳಿದರೆ, ಕಡು ಬೇಸಗೆ, ಅದಕ್ಕೇ ಮೈ ಸೊರಗಿದೆ ಅನ್ನುತ್ತಾಳೆ."

ನಾನು ಗಟ್ಟಿಯಾಗಿ ಓದಿದೆ. ಬಸ್ಸಿನ ಬೋರ್ಡ್ ಓದಿದ ಹಾಗೆ. "ಕಡಗಂ ಮೊಳಕೈಯಿಗೆ ಜಾರಿ" ಅಂದೆ. ಸುಮಿತ್ರಾ ಎಡಗೈಯಿಂದ ಮಂಚದ ಪಟ್ಟಿಗೆ ಟಪ್ ಅಂತ ಹೊಡೆದಳು. ಮತ್ತೆ ಓದಿದೆ. ಮತ್ತೆ ಹೊಡೆದಳು. ಆಮೇಲೆ ಅವಳೇ ಬೆರಳಿನಿಂದ ತಟ್ಟಿ ತೋರಿಸಿದಳು, ನಾಲ್ಕು, ನಾಲ್ಕು, ನಾಲ್ಕು. ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಕಂದದಲ್ಲಿ ನಾಲ್ಕು ಮಾತ್ರೆಗೆ ಒಂದು ಗಣ. ಮೊದಲ ಸಾಲಿಗೆ ಮೂರು ಗಣ, ಎರಡನೆಯ ಸಾಲಿಗೆ ಐದು. ಮುಂದಿನ ಎರಡು ಸಾಲಿಗೂ ಹಾಗೇ. ನಾನು ಒಂದು ಮಾತ್ರೆ ಹೆಚ್ಚಿಗೆ ಹಾಕಿದ್ದೆ. "ಮೊಳಕೈ" ಅಲ್ಲಿಗೆ ನಾಲ್ಕು ಮುಗಿಯಿತು. "ಗೆ ಜಾರಿ" ಮುಂದಿನ ಗಣ.

ತಲೆಯೊಳಗೆ ಆ ಟೀಚರು ಹಾಗೇ ಇದ್ದಳು. ಬಾಗಿಲು ಮಾತ್ರ ಹಾಕಿತ್ತು.

ಅವತ್ತಿನಿಂದ ದಿನಾ ಮಧ್ಯಾಹ್ನ ಒಂದು ಪುಟ. ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ಅವಳದಲ್ಲ, ನನ್ನದು.

ಎರಡು ಸಾಲು ಸೇರಿಸಿ ಎಣಿಸಿದರೆ ಬರುವ ಆರನೆಯ ಗಣದ ಬಗ್ಗೆ ಅವಳು ಅರ್ಧ ಪುಟ ಬರೆದಿದ್ದಳು. ಕಂದದಲ್ಲಿ ಆ ಜಾಗಕ್ಕೆ ನಿಯಮ ಬೇರೆ. ಎಲ್ಲ ಲಘು ಇರಬೇಕು, ಇಲ್ಲವಾದರೆ ನಡುವೆ ಮಾತ್ರ ಗುರು ಬರಬೇಕು. ಈ ಪದ್ಯದಲ್ಲಿ ಆ ಜಾಗಕ್ಕೆ ಬಿದ್ದಿರುವುದು "ಗೆ ಜಾರಿ". ಸಮನಾಗಿ ಬಂದ ನಡೆ ಅಲ್ಲಿ ಒಮ್ಮೆ ತೂಗಿ ಮುಗ್ಗರಿಸುತ್ತದೆ. "ಕಡಗ ಜಾರುವಲ್ಲೇ ಲಯವೂ ಜಾರಿದೆ" ಅಂತ ಅವಳ ಮಾತು. ಕೆಳಗಿನ ಅರ್ಧದಲ್ಲಿ ಅದೇ ಜಾಗಕ್ಕೆ "ದೆ ಮೆಯ್ ಸೊ" ಬಂದಿದೆ. ಅಲ್ಲಿ ಮೈ ಸೊರಗುತ್ತದೆ.

ಪದ್ಯದಲ್ಲಿ ವಿರಹ ಅನ್ನುವ ಶಬ್ದವಿಲ್ಲ. ನೆನಪು, ಪ್ರೀತಿ, ಕಣ್ಣೀರು ಯಾವುದೂ ಇಲ್ಲ. ಮೈ ತೋರಿಸುವ ಗುರುತು ಒಂದು, ಅದನ್ನು ಮುಚ್ಚುವ ಸುಳ್ಳು ಒಂದು. ಗುರುತಿಗೆ ಅನುಭಾವ ಅನ್ನುತ್ತಾರೆ. ಒಳಗಿನದನ್ನು ಮರೆಮಾಚುವ ಆ ಸುಳ್ಳಿಗೂ ಹಳಬರು ಹೆಸರು ಇಟ್ಟಿದ್ದಾರೆ, ಅವಹಿತ್ಥ. ಬೇಸಗೆ ಅನ್ನುವುದು ಸುಳ್ಳು ಅಂತ ಪದ್ಯ ಎಲ್ಲೂ ಹೇಳುವುದಿಲ್ಲ. ಓದುವವನೇ ಹಿಡಿಯಬೇಕು. ಸಲಹೆ ಇಲ್ಲ, ಕರೆ ಇಲ್ಲ, ಒಂದೇ ಸಲ ಹೇಳಿ ಮುಗಿಯಿತು.

ಆಮೇಲೆ ಹಾಡಿನ ಪುಟಗಳಿಗೆ ಬಂದೆ. ಬೈದಿರುತ್ತಾಳೆ ಅಂತಲೇ ಓದಿದೆ.

ಹಾಡಿಗೆ ಮೊದಲು ಬರುವುದು ಟ್ಯೂನು, ಆಮೇಲೆ ಮಾತು. ಟ್ಯೂನು ಕೊಟ್ಟಷ್ಟೇ ಜಾಗದಲ್ಲಿ ಮಾತು ಕೂರಬೇಕು. ಅದಕ್ಕೇ ಚಿಕ್ಕ ಶಬ್ದ. ಎಳೆಯಬೇಕಾದ ಕಡೆ "ನೋ" ಅನ್ನುವ ತೆರೆದ ದನಿ. ಹಾಡಿನಲ್ಲಿ ಇರುವುದು "ನಾನು", ಎದುರಿಗೆ "ನೀನು". ಇಬ್ಬರಿಗೂ ಹೆಸರಿಲ್ಲ. ಹಾಗಾಗಿ ಯಾರು ಬೇಕಾದರೂ ಒಳಗೆ ಹೋಗಿ ನಿಲ್ಲಬಹುದು, ಬಸ್ಸಿನ ಖಾಲಿ ಸೀಟಿನಲ್ಲಿ ಕೂತ ಹಾಗೆ. ಬಸ್ಸಿನ ಮಾತನ್ನು ಅವಳೇ ಬರೆದಿದ್ದಳು, ನಾನಲ್ಲ. ಚರಣ ಎಲ್ಲಿಗೆ ಹೋದರೂ ಪಲ್ಲವಿಗೆ ವಾಪಸ್ ಬರಬೇಕು. ಪದ್ಯ ಮುಂದೆ ನಡೆದು ಕೊನೆಯ "ಎಂಬಳ್"ಗೆ ಬಂದು ನಿಲ್ಲುತ್ತದೆ. ಹಾಡು ಸುತ್ತುತ್ತದೆ. ಅದಕ್ಕೆ ನಿಲ್ಲುವ ಜಾಗವಿಲ್ಲ, ಮೆಲ್ಲಗೆ ದನಿ ಇಳಿಸಿ ಮುಗಿಸುತ್ತಾರೆ.

ಕೊನೆಯ ಪುಟದಲ್ಲಿ ಕೆಲವೇ ಸಾಲು.

"ಹಾಡನ್ನು ಕೀಳು ಅನ್ನಬಾರದು. ಪದ್ಯದವಳು ಸುಮ್ಮನಿರಬಹುದು, ಯಾಕೆಂದರೆ ಅವಳನ್ನು ನೋಡಲು ಒಬ್ಬಳು ಕೆಳದಿ ಇದ್ದಾಳೆ. ಕಡಗ ಜಾರಿದ್ದನ್ನು ಕಂಡು ಹೋಗಿ ಹೇಳುತ್ತಾಳೆ. ಹಾಡಿನವನಿಗೆ ಕೆಳದಿಯಿಲ್ಲ. ಅವನ ಕೈ ಯಾರೂ ನೋಡುವುದಿಲ್ಲ. ಅದಕ್ಕೇ ಅವನು ತಾನೇ ಹನ್ನೊಂದು ಸಲ"

ವಾಕ್ಯ ಅಲ್ಲಿಗೇ ನಿಂತಿತ್ತು. ಆ ಸಂಜೆ "ಪೂರ್ತಿ ಕೇಳಿ" ಅಂದದ್ದು ಇದನ್ನು.

ಸುಮಿತ್ರಾಳ ಮುಖ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು. "ತಪ್ಪಾತು" ಅಂದೆ. ಅವಳು ಕೇಳಿದಳೋ ಇಲ್ಲವೋ. ಕ್ಷಮಿಸಿದಳೋ ಇಲ್ಲವೋ. ಅದನ್ನು ಹೇಳುವ ಮಾತು ಅವಳ ಹತ್ತಿರ ಇರಲಿಲ್ಲ.

ಏಪ್ರಿಲ್ ಬಂತು. ಯಲ್ಲಾಪುರಕ್ಕೂ ಸೆಖೆ ಬಂತು. ಸುಮಿತ್ರಾ ಊಟ ಕಡಿಮೆ ಮಾಡಿದಳು. ಎರಡು ತುತ್ತಿಗೆ "ಸಾಕು." ಯಾಕೆ ಅಂತ ಕೇಳಿದರೆ ಫ್ಯಾನಿನ ಕಡೆ ಕೈ ತೋರಿಸುತ್ತಿದ್ದಳು. ಸೆಖೆ ಅಂತ. ನನಗೂ ಸರಿ ಅನ್ನಿಸಿತು. ಫ್ಯಾನ್ ಜೋರು ಮಾಡಿದೆ. ಕೋಕಂ ಶರಬತ್ತು ಮಾಡಿಕೊಟ್ಟೆ. ಬಂದವರೂ "ಈ ಸೆಖೆಗೆ ಯಾರಿಗೆ ಊಟ ಸೇರ್ತದೆ" ಅಂದರು. ಥೆರಪಿಯಲ್ಲೂ ಎಡಗೈ ತಟ್ಟುವುದನ್ನು ನಿಲ್ಲಿಸಿದಳು. ಬಂದಿದ್ದ ಶಬ್ದಗಳೂ ಒಂದೊಂದಾಗಿ ಹಿಂದೆ ಸರಿದವು.

ಒಂದು ಮಧ್ಯಾಹ್ನ ಗಂಜಿ ಹಿಡಿದು ಕೂತಿದ್ದೆ. "ಯಾಕ ಉಣ್ಣಂಗಿಲ್ಲ?" ಅವಳು ಎಡಗೈ ಎತ್ತಿ ಫ್ಯಾನು ತೋರಿಸಿದಳು. ಆ ಕೈಯಲ್ಲಿ ಇದ್ದ ಒಂದೇ ಬಳೆ ಸರ್ರನೆ ಇಳಿದು ಮೊಣಕೈಗೆ ಹೋಗಿ ನಿಂತಿತು.

ಗಂಜಿಯ ಬಟ್ಟಲು ಕೆಳಗಿಟ್ಟೆ.

ಪದ್ಯ ಇಪ್ಪತ್ತು ಸಲ ಓದಿದ್ದೆ. ಆದರೆ ಕಣ್ಣ ಮುಂದೆ ಇದ್ದದ್ದನ್ನು ಓದಿರಲಿಲ್ಲ. ಅವಳು ಹಾಡಿದಾಗ, ಹಾಡಿನ ಮಾತೇ ಅವಳ ಮನಸ್ಸು ಅಂತ ಹಿಡಿದು ಕೂತೆ. ಈಗ ಮೈ ಹೇಳುತ್ತಿದ್ದುದನ್ನು ಸೆಖೆ ಅಂತ ಬಿಟ್ಟಿದ್ದೆ. ಮಾತಿಲ್ಲದವಳಿಗೆ ಕೆಳದಿ ಆಗಬೇಕಾದವನು ನಾನೇ ಅಲ್ಲವೇ? ಕೆಳದಿಯ ಕೆಲಸ ಎರಡೇ, ನೋಡುವುದು, ಹೋಗಿ ಹೇಳುವುದು.

ಮರುದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ತೂಕ ಏಳು ಕಿಲೋ ಇಳಿದಿತ್ತು. "ಸೆಖೆ ಅಂತಾಳ್ರಿ. ಸೆಖೆ ಅಲ್ಲರಿ ಅದು" ಅಂದೆ. ಡಾಕ್ಟರು ನುಂಗುವುದನ್ನು ಪರೀಕ್ಷೆ ಮಾಡಿದರು, ಸರಿ ಇತ್ತು. ನಿದ್ದೆ, ಅಳು, ಥೆರಪಿ ಎಲ್ಲ ವಿಚಾರಿಸಿದರು. ಡಿಪ್ರೆಶನ್ ಅಂದರು. ಸ್ಟ್ರೋಕ್ ಆದವರಲ್ಲಿ ಬಹಳ ಮಂದಿಗೆ ಬರುತ್ತದೆ, ಮಾತು ಹೋದವರಲ್ಲಿ ಅದು ಹೊರಗೆ ಕಾಣುವುದೇ ಇಲ್ಲ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂದರು. ಮಾತ್ರೆ ಬರೆದುಕೊಟ್ಟರು.

"ಅವರಿಗೆ ಏನು ಬೇಕನ್ನಿಸ್ತಿದೆ, ಅದನ್ನ ಮನೇಲಿ ಕಂಡುಹಿಡೀರಿ" ಅಂದರು.

ನಾನು ಒಂದೊಂದೇ ಕೇಳಿದೆ. "ತ್ಯಾಗಲಿಗೆ ಹೋಗೂಣೇನು?" ಬೇಡ ಅಂತ ತಲೆ ಅಲ್ಲಾಡಿಸಿದಳು. "ನನ್ನ ಮ್ಯಾಲ ಸಿಟ್ಟೈತೇನು?" ಆ ಪ್ರಶ್ನೆಗೆ ಇವತ್ತಿನವರೆಗೆ ಉತ್ತರ ಬಂದಿಲ್ಲ. ಬೇರೆ ದಾರಿ ಕಾಣದೆ ನೋಟ್‌ಬುಕ್ ತೆಗೆದು ಹಾಳೆ ತಿರುಗಿಸುತ್ತಾ ಹೋದೆ. ಒಂದು ಹಾಳೆಯ ಅಂಚಿನಲ್ಲಿ ಸಣ್ಣಗೆ ಬರೆದಿತ್ತು, "ಒಂಬತ್ತನೇ ಬಿ ತರಗತಿಯಲ್ಲಿ ಕೇಳಬೇಕಾದ್ದು." ಅಷ್ಟು ಗಟ್ಟಿಯಾಗಿ ಓದುವಷ್ಟರಲ್ಲಿ ಅವಳು ಎಡಗೈಯಿಂದ ಮುಖ ಮುಚ್ಚಿಕೊಂಡಳು. ಸ್ಟ್ರೋಕ್ ಆದ ಮೇಲೆ ಅವಳು ದನಿ ಎತ್ತಿ ಅತ್ತದ್ದು ಅದೇ ಮೊದಲು.

ಶಾಲೆ. ಅವಳಿಗೆ ಬೇಕಿದ್ದದ್ದು ನಾನಲ್ಲ. ಅದು ತಿಳಿದು ನನಗೆ ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಅವಳು ಮತ್ತೆ ಕೆಲಸಕ್ಕೆ ಹೋಗುವುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಾಗಿದೆ. ರಾಜೀನಾಮೆಗೆ ಎಡಗೈಯಲ್ಲಿ ಸಹಿ ಮಾಡಿದ್ದಾಳೆ. ಬಲಗಾಲು ಎಳೆಯುತ್ತಾ ಅಂಗಳದವರೆಗೆ ನಡೆಯುತ್ತಾಳೆ. ನಲವತ್ತರಷ್ಟು ಶಬ್ದ ಇವೆ. ಅರ್ಧಕ್ಕಿಂತ ಹೆಚ್ಚು ಈಗಲೂ ರಾಗದಲ್ಲೇ ಬರಬೇಕು. ಮಾತ್ರೆಯಿಂದ ಊಟ ಸ್ವಲ್ಪ ಸೇರುತ್ತಿದೆ. ಬೆಳಿಗ್ಗೆ ಎದ್ದ ಕೂಡಲೇ ಕೆಲವು ದಿನ ಗೋಡೆಗೇ ಮುಖ ಮಾಡಿ ಮಲಗುತ್ತಾಳೆ. ಆ ದಿನ ಹೆಚ್ಚು ಕೇಳುವುದಿಲ್ಲ. ಪಕ್ಕದಲ್ಲಿ ಕೂರುತ್ತೇನೆ.

ಶಾಲೆ ಶುರುವಾದ ಮೇಲೆ ಹೆಡ್‌ಮಾಸ್ಟರರನ್ನು ಕಂಡು ಮಾತಾಡಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರು ಹುಡುಗಿಯರು ಮನೆಗೆ ಬರುತ್ತಾರೆ. ಪದ್ಯ ಬರೆದು ಪ್ರಸ್ತಾರ ಹಾಕುತ್ತಾರೆ. ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಗೆರೆ. ತಪ್ಪಿದರೆ ಸುಮಿತ್ರಾ ಮೇಜಿಗೆ ಟಪ್ ಅಂತ ಹೊಡೆಯುತ್ತಾಳೆ. ಮೊದಲ ದಿನ ಹುಡುಗಿಯರು ಹೆದರಿದ್ದರು. ಈಗ ನಗುತ್ತಾರೆ.

ಹೋದ ಶನಿವಾರ ಈ ಪದ್ಯವನ್ನೇ ಹಾಕಿಸಿದೆ. ಗಣ ಎಲ್ಲ ಬಿಡಿಸಿ ಆಯಿತು, ಅರ್ಥ ನಾನೇ ಓದಿದೆ. ಇಬ್ಬರಲ್ಲಿ ಚಿಕ್ಕವಳು ಪೆನ್ನು ಬಾಯಲ್ಲಿ ಇಟ್ಟುಕೊಂಡು ಯೋಚಿಸಿದಳು.

"ಟೀಚರ್, ಕೆಳದಿ ಹೋಗಿ ಹೇಳಿದ್ಮೇಲೆ ಅವನು ಬರ್ತಾನಾ?"

ನಾನು ಬಾಯಿ ತೆರೆದೆ. ಸುಮಿತ್ರಾ ಎಡಗೈ ಎತ್ತಿ ನನ್ನನ್ನು ತಡೆದಳು. ತುಟಿ ಎರಡು ಸಲ ಅಲ್ಲಾಡಿತು. ನಾವು ಮೂವರೂ ಕಾದೆವು. ರಾಗವಿಲ್ಲದೆ, ತಟ್ಟದೆ, ಯಾರೂ ಕಲಿಸದ ಒಂದು ಮಾತು ಬಂತು.

"ಗೊತ್ತಿಲ್ಲ."

ಹುಡುಗಿ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.